ಕಾರ್ಖಾನೆ ಯಾವ ಅನುಮತಿಯ ಮೇಲೆ ನಡೆಯುತ್ತಿದೆ? ಕಾಗದಗಳನ್ನು ಹುಡುಕಿ ಓದುವ ಬಗೆ

ಊರ ಪಕ್ಕದ ಔಷಧ ಕಾರ್ಖಾನೆಯಿಂದ ರಾತ್ರಿ ಹೊತ್ತು ಘಾಟು ವಾಸನೆ ಬರುತ್ತದೆ. ಹೋಗಿ ಕೇಳಿದರೆ, "ನಮ್ಮ ಹತ್ತಿರ ಎಲ್ಲಾ ಪರ್ಮಿಷನ್ ಇದೆ" ಅನ್ನುತ್ತಾರೆ. ಇದ್ದರೂ ಇರಬಹುದು. ಆದರೆ ಆ ಪರ್ಮಿಷನ್ ಯಾವ ಪದಾರ್ಥಕ್ಕೆ, ತಿಂಗಳಿಗೆ ಎಷ್ಟು ಟನ್ನಿಗೆ, ಯಾವ ಉರುವಲಿಗೆ, ಯಾವ ತಾರೀಖಿನವರೆಗೆ ಅನ್ನುವುದು ಕಾಗದದಲ್ಲಿ ಬರೆದಿರುತ್ತದೆ. ಆ ಕಾಗದ ಗುಟ್ಟಿನದಲ್ಲ. ನಾವು ನೀವು ಕೇಳಿ ಪಡೆಯಬಹುದು.

ಕರ್ನಾಟಕದ ಒಂದು ಕೈಗಾರಿಕಾ ಪ್ರದೇಶದಲ್ಲಿ ಔಷಧಗಳ ಮೂಲ ರಾಸಾಯನಿಕ ತಯಾರಿಸುವ ಕಾರ್ಖಾನೆ ಇದೆ ಅಂದುಕೊಳ್ಳೋಣ. ಇದನ್ನು ಬಲ್ಕ್ ಡ್ರಗ್ ಕಾರ್ಖಾನೆ ಅನ್ನುತ್ತಾರೆ. ಇಂಥ ಕಡೆ ಎಲ್ಲ ಬಗೆಯ ಕಾಗದಗಳೂ ಇರುತ್ತವೆ. ಆದ್ದರಿಂದ ಇದೊಂದನ್ನು ಹುಡುಕಲು ಕಲಿತರೆ ಬೇರೆಯವು ಸುಲಭ.

ಮೊದಲು ಕಾಗದಗಳ ಪರಿಚಯ

ಮುಖ್ಯವಾದವು ಮೂರು. ಮೊದಲನೆಯದು ಪರಿಸರ ಅನುಮತಿ. ಎಲ್ಲರೂ ಇಸಿ ಅಂತಲೇ ಕರೆಯುತ್ತಾರೆ. ಇದು 2006ರ ಸೆಪ್ಟೆಂಬರ್ 14ರ ಇಐಎ, ಅಂದರೆ ಪರಿಸರ ಪರಿಣಾಮ ಮೌಲ್ಯಮಾಪನದ ಅಧಿಸೂಚನೆಯ ಪ್ರಕಾರ ಸಿಗುವಂಥದ್ದು. ದೊಡ್ಡ ಯೋಜನೆಗಳಿಗೆ ದೆಹಲಿಯ ಪರಿಸರ ಸಚಿವಾಲಯ ಕೊಡುತ್ತದೆ, ಉಳಿದವಕ್ಕೆ ರಾಜ್ಯದ ಪರಿಸರ ಪ್ರಾಧಿಕಾರ ಕೊಡುತ್ತದೆ. ಆ ಪ್ರಾಧಿಕಾರವನ್ನು ಸಿಯಾ ಅನ್ನುತ್ತಾರೆ.

ಎರಡನೆಯದು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಇದರಲ್ಲಿ ಎರಡು ಮೆಟ್ಟಿಲು. ಕಟ್ಟುವ ಮೊದಲು ಪಡೆಯುವುದು ಸಿಎಫ್‌ಇ, ಅಂದರೆ ಸ್ಥಾಪನೆಗೆ ಸಮ್ಮತಿ. ಓಡಿಸುವ ಮೊದಲು ಪಡೆಯುವುದು ಸಿಎಫ್‌ಒ, ಅಂದರೆ ಚಾಲನೆಗೆ ಸಮ್ಮತಿ. ಬೇರೆ ರಾಜ್ಯಗಳಲ್ಲಿ ಇವನ್ನೇ ಸಿಟಿಇ, ಸಿಟಿಒ ಅನ್ನುತ್ತಾರೆ. 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆ ಎರಡರ ಸಮ್ಮತಿಯೂ ಸಾಮಾನ್ಯವಾಗಿ ಒಂದೇ ಆದೇಶದಲ್ಲಿ ಇರುತ್ತದೆ.

ಮೂರನೆಯದು ಅಪಾಯಕಾರಿ ತ್ಯಾಜ್ಯದ ಅಧಿಕಾರ ಪತ್ರ. 2016ರ ನಿಯಮಗಳ ಕೆಳಗೆ ಇದನ್ನೂ ಮಂಡಳಿಯೇ ಕೊಡುತ್ತದೆ.

ಇಸಿ ಒಂದು ಮೇಲ್ಮಿತಿ. ಸಿಎಫ್‌ಒ ಅದರೊಳಗೇ ಇರಬೇಕು. ಕಾರ್ಖಾನೆ ನಿಜವಾಗಿ ಮಾಡುತ್ತಿರುವುದು ಸಿಎಫ್‌ಒ ಒಳಗಿರಬೇಕು. ಹುಡುಕಾಟವೆಲ್ಲ ಈ ಮೂರು ಅಳತೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವುದಕ್ಕೇ.

ಹಂತ 1: ಹೆಸರು ಬಿಡಿ, ಜಾಗ ಹಿಡಿಯಿರಿ

ನಾನು ಮೊದಲ ಸಲ ಹುಡುಕಿದಾಗ ಒಂದು ವಾರ ಸುಮ್ನೆ ಹಾಳಾಯಿತು. ಗೇಟಿನ ಮೇಲಿದ್ದ ಹೆಸರು ಹಾಕಿ ಹುಡುಕುತ್ತಲೇ ಇದ್ದೆ, ಏನೂ ಸಿಗಲಿಲ್ಲ. ಕಡೆಗೆ ನೋಡಿದರೆ ಇಸಿ ಹಳೆಯ ಮಾಲೀಕರ ಕಂಪನಿ ಹೆಸರಲ್ಲಿತ್ತು. ಕಾರ್ಖಾನೆ ಕೈ ಬದಲಾಗಿತ್ತು. ಕಾಗದದಲ್ಲಿ ಹೆಸರು ಬದಲಾಗುತ್ತದೆ, ಜಾಗ ಬದಲಾಗುವುದಿಲ್ಲ.

ಹಾಗಾಗಿ ಪ್ಲಾಟ್ ನಂಬರ್ ಮತ್ತು ಕೈಗಾರಿಕಾ ಪ್ರದೇಶದ ಹೆಸರನ್ನು ಮೊದಲು ಬರೆದುಕೊಳ್ಳಿ. ಕೈಗಾರಿಕಾ ಪ್ರದೇಶದ ಹೊರಗಿದ್ದರೆ ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರ್ ಬೇಕು. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯಲ್ಲಿ ಮಾಲೀಕರ ಹೆಸರೂ ಸಿಗುತ್ತದೆ. ಕಂಪನಿಯ ಹಳೆಯ ಹೆಸರು ಬೇಕಾದರೆ ಅದರ ವಾರ್ಷಿಕ ವರದಿಯನ್ನು ನೋಡಿ. ಕಂಪನಿಗೆ ಸಿಐಎನ್ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಕಂಪನಿ ಹೆಸರು ಬದಲಿಸಿಕೊಂಡರೂ ಅದರ ಕೊನೆಯ ಆರು ಅಂಕೆಗಳು ಹಾಗೇ ಉಳಿಯುತ್ತವೆ. ಎರಡು ಹೆಸರು ಒಂದೇ ಕಂಪನಿಯದೋ ಅಲ್ಲವೋ ಎಂದು ಇದರಿಂದ ಗೊತ್ತಾಗುತ್ತದೆ. ಕಂಪನಿಯನ್ನೇ ಬೇರೆಯವರಿಗೆ ಸೇರಿಸಿದ್ದರೆ ಅಥವಾ ಕಾರ್ಖಾನೆಯನ್ನು ಮಾತ್ರ ಮಾರಿದ್ದರೆ ಈ ದಾರಿ ನಡೆಯದು, ಜಾಗವೇ ಗತಿ.

ಗೇಟಿನ ಹತ್ತಿರ ಒಮ್ಮೆ ಹೋಗಿ ಬನ್ನಿ. ಅಪಾಯಕಾರಿ ರಾಸಾಯನಿಕ ಬಳಸುವ, ಅಪಾಯಕಾರಿ ತ್ಯಾಜ್ಯ ಹುಟ್ಟಿಸುವ ಕಾರ್ಖಾನೆಗಳು ಗೇಟಿನ ಹೊರಗೆ ಬೋರ್ಡ್ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2003ರ ಅಕ್ಟೋಬರ್ 14ರಂದು ಆದೇಶ ಮಾಡಿದೆ. ಸಮ್ಮತಿಯ ನಂಬರ್ ಮತ್ತು ಅವಧಿ ಬಹಳಷ್ಟು ಸಲ ಅದರಲ್ಲೇ ಇರುತ್ತದೆ. ರಸ್ತೆಯಲ್ಲಿ ನಿಂತು ಒಂದು ಫೋಟೊ ತೆಗೆದುಕೊಳ್ಳಿ. ಮುಂದಿನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಹಂತ 2: ಇಸಿ ಬೇಕಾದ ಕಾರ್ಖಾನೆಯೇ ಎಂದು ತಿಳಿದುಕೊಳ್ಳಿ

ಎಲ್ಲ ಕಾರ್ಖಾನೆಗೂ ಇಸಿ ಬೇಕಿಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ. ಗಾರ್ಮೆಂಟ್ ಕಾರ್ಖಾನೆಗೋ ಅಕ್ಕಿ ಗಿರಣಿಗೋ ಇಸಿ ಸಿಗಲಿಲ್ಲ ಎಂದು ದೂರು ಬರೆದರೆ ಅದು ಮೊದಲ ಓದಿಗೇ ಬಿದ್ದುಹೋಗುತ್ತದೆ. 2006ರ ಅಧಿಸೂಚನೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ಇರುವಂಥವಕ್ಕೆ ಮಾತ್ರ ಇಸಿ. ಬಲ್ಕ್ ಡ್ರಗ್, ಬಣ್ಣದ ರಾಸಾಯನಿಕ ಇವೆಲ್ಲ 5(ಎಫ್) ಅನ್ನುವ ಸಾಲಿನಲ್ಲಿ ಬರುತ್ತವೆ. ಸಕ್ಕರೆ ಕಾರ್ಖಾನೆ 5(ಜೆ). ಅದಕ್ಕೆ ದಿನಕ್ಕೆ 5,000 ಟನ್ ಕಬ್ಬು ಅರೆಯುವ ಸಾಮರ್ಥ್ಯದಿಂದ ಮೇಲೆ ಇಸಿ ಬೇಕು.

ಕಾರ್ಖಾನೆಯ ವಯಸ್ಸೂ ಮುಖ್ಯ. ಇಸಿ ಕಡ್ಡಾಯವಾದದ್ದು 1994ರ ಜನವರಿ 27ರ ಅಧಿಸೂಚನೆಯಿಂದ. ಅದಕ್ಕೂ ಮೊದಲೇ ನಡೆಯುತ್ತಿದ್ದ ಕಾರ್ಖಾನೆಗೆ ಆಗಿನ ಉತ್ಪಾದನೆಗೆ ಇಸಿ ಇರುವುದಿಲ್ಲ. ಆದರೆ ಆಮೇಲೆ ಸಾಮರ್ಥ್ಯ ಹೆಚ್ಚಿಸಿದ್ದರೆ ವಿಸ್ತರಣೆಯ ಇಸಿ ಇರಬೇಕು. ಹಳೆಯ ಕಾರ್ಖಾನೆಯಾದರೆ ವಿಸ್ತರಣೆ ಯಾವಾಗ ಆಯಿತು ಎಂದು ಹುಡುಕಿ.

ಸಮ್ಮತಿಯ ವಿಚಾರ ಬೇರೆ. ಮಾಲಿನ್ಯದ ಪ್ರಮಾಣ ನೋಡಿ ಕೈಗಾರಿಕೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಮುಂತಾಗಿ ವಿಂಗಡಿಸಿದ್ದಾರೆ. ಬಿಳಿ ಗುಂಪಿಗೆ ಸಮ್ಮತಿಯಿಂದ ವಿನಾಯಿತಿ ಇದೆ. ಬಲ್ಕ್ ಡ್ರಗ್ ಕೆಂಪು.

ಹಂತ 3: ಪರಿವೇಶ್‌ನಲ್ಲಿ ಇಸಿ ಹುಡುಕುವುದು

ಇಸಿ ಅರ್ಜಿಗಳೆಲ್ಲ `parivesh.nic.in` ಅನ್ನುವ ತಾಣದಲ್ಲಿ ಇರುತ್ತವೆ. ಇದು ಶುರುವಾದದ್ದು 2018ರ ಆಗಸ್ಟ್‌ನಲ್ಲಿ. ಅದಕ್ಕೂ ಹಿಂದಿನವು `environmentclearance.nic.in` ತಾಣದಲ್ಲಿದ್ದವು. ತೀರಾ ಹಳೆಯವು ಎಲ್ಲೂ ಸಿಗದೇ ಹೋಗಬಹುದು. ಅವಕ್ಕೆ ಮಾಹಿತಿ ಹಕ್ಕಿನ ಅರ್ಜಿಯೇ ದಾರಿ.

ಪ್ರಪೋಸಲ್ ನಂಬರ್ ಕೈಯಲ್ಲಿದ್ದರೆ `Track Your Proposal` ಕಡೆ ಹಾಕಿದರೆ ಸಾಕು. ಆ ನಂಬರ್ ಹೀಗಿರುತ್ತದೆ:

```
IA/KA/IND3/......../2021
SIA/KA/IND3/......./2021
```

ಮೊದಲ ಅಕ್ಷರಗಳನ್ನು ಗಮನಿಸಿ. `IA` ಅಂತ ಶುರುವಾದರೆ ದೆಹಲಿಯ ಕಡತ, `SIA` ಅಂತಿದ್ದರೆ ರಾಜ್ಯದ ಕಡತ. ನಡುವಿನ `KA` ಕರ್ನಾಟಕ. `IND` ಅಂದರೆ ಕೈಗಾರಿಕೆ. ರಾಜ್ಯದ ಕಡೆ ಸಿಗದಿದ್ದರೆ ದೆಹಲಿಯ ಕಡೆಯೂ ನೋಡಿ. ರಾಜ್ಯದ ಮಟ್ಟದಲ್ಲಿ ಮುಗಿಯಬೇಕಾದ ಯೋಜನೆ ಅಂತರರಾಜ್ಯ ಗಡಿಗೋ ಅಭಯಾರಣ್ಯಕ್ಕೋ ಹತ್ತಿರವಿದ್ದರೆ ದೆಹಲಿಗೆ ಹೋಗುವ ನಿಯಮ ಇದೆ.

ನಂಬರ್ ಗೊತ್ತಿಲ್ಲದಿದ್ದರೆ ರಾಜ್ಯ, ಕೈಗಾರಿಕಾ ವಿಭಾಗ, ವರ್ಷ ಆರಿಸಿ ಪಟ್ಟಿ ತೆಗೆದು ಊರಿನ ಹೆಸರು ಹುಡುಕಿ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. `Dobaspet` ಅಂತ ಹುಡುಕಿದರೆ `Dabaspet` ಅಂತ ಬರೆದದ್ದು ಬರುವುದಿಲ್ಲ. ಎರಡು ಮೂರು ಬಗೆಯಲ್ಲಿ ಹಾಕಿ ನೋಡಿ. ಗೂಗಲ್ ಕೂಡ ನೆರವಾಗುತ್ತದೆ:

```
"Plot No. 47" "Industrial Area" "environmental clearance" compliance filetype:pdf
```

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಇಸಿ ಪಡೆದ ಕಾರ್ಖಾನೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತುಗಳ ಪಾಲನೆಯ ವರದಿ ಕೊಡಬೇಕು. ಆ ವರದಿಗಳು ಸಾರ್ವಜನಿಕ ದಾಖಲೆ ಎಂದು 2006ರ ಅಧಿಸೂಚನೆಯ 10ನೇ ಪ್ಯಾರಾ ಸ್ಪಷ್ಟವಾಗಿ ಹೇಳುತ್ತದೆ. ಎಷ್ಟೋ ಕಂಪನಿಗಳು ಅವನ್ನು ತಮ್ಮ ತಾಣದಲ್ಲೇ ಹಾಕಿರುತ್ತವೆ. ವರದಿಯ ಹಿಂದೆ ಮೂಲ ಇಸಿ ಪತ್ರವೂ ಅಂಟಿಕೊಂಡಿರುವುದುಂಟು.

ಕಡತ ಸಿಕ್ಕಿತಾ? ಇಸಿ ಪತ್ರ ಒಂದನ್ನೇ ಇಳಿಸಿಕೊಂಡು ಬಂದುಬಿಡಬೇಡಿ. ಅರ್ಜಿಯ ಜೊತೆ ಜಾಗದ ಗಡಿ ತೋರಿಸುವ ಕೆಎಂಎಲ್ ಫೈಲ್ ಇರುತ್ತದೆ. ಅದನ್ನು ಗೂಗಲ್ ಅರ್ತ್‌ನಲ್ಲಿ ತೆರೆದರೆ ಇದು ನಿಮ್ಮ ಕಾರ್ಖಾನೆಯೇ ಎನ್ನುವುದು ಖಚಿತವಾಗುತ್ತದೆ. ಗಡಿಯಾಚೆ ಶೆಡ್ ಕಟ್ಟಿದ್ದರೆ ಅದೂ ಕಾಣುತ್ತದೆ. ತಜ್ಞರ ಸಮಿತಿಯ ಸಭೆಯ ನಡಾವಳಿಯನ್ನೂ ತೆಗೆದುಕೊಳ್ಳಿ. ಕಂಪನಿ ಸಮಿತಿಯ ಮುಂದೆ ಏನು ಮಾತು ಕೊಟ್ಟಿತು ಎಂದು ಅದರಲ್ಲಿರುತ್ತದೆ. ವಿಸ್ತರಣೆಗೆ ಅರ್ಜಿ ಹಾಕಿದ್ದರೆ ಇನ್ನೊಂದು ನಿಧಿ ಇದೆ: ಹಳೆಯ ಇಸಿಯ ಷರತ್ತುಗಳು ಪಾಲನೆಯಾಗಿವೆಯೇ ಎಂದು ಸಚಿವಾಲಯದ ಪ್ರಾದೇಶಿಕ ಕಚೇರಿ ಬಂದು ನೋಡಿ ಬರೆದ ವರದಿ. ಕಂಪನಿ ತಾನೇ ಬರೆದುಕೊಂಡ ವರದಿಗಿಂತ ಇದಕ್ಕೆ ತೂಕ ಜಾಸ್ತಿ.

ಅಂತರ್ಜಾಲದಲ್ಲಿ ಸಿಗದಿದ್ದರೆ ಗ್ರಾಮ ಪಂಚಾಯಿತಿ ಅಥವಾ ಪುರಸಭೆಗೆ ಹೋಗಿ ಕೇಳಿ. ಇಸಿ ಸಿಕ್ಕ ಮೇಲೆ ಕಂಪನಿ ಅದರ ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಕೊಡಬೇಕು, ಅವರು ಅದನ್ನು 30 ದಿನ ಪ್ರದರ್ಶಿಸಬೇಕು. ಹಳೆಯ ಕಡತದಲ್ಲಿ ಅದು ಉಳಿದಿರುವ ಸಾಧ್ಯತೆ ಇದೆ. ಸಾರ್ವಜನಿಕ ಅಹವಾಲು ಸಭೆ ನಡೆದಿದ್ದರೆ ಕನ್ನಡದಲ್ಲಿ ಯೋಜನೆಯ ಸಾರಾಂಶವೂ ಇರುತ್ತದೆ. ಆದರೆ ಬಲ್ಕ್ ಡ್ರಗ್ ಯೋಜನೆಗಳಿಗೆ ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 27ರ ತಿದ್ದುಪಡಿಯಿಂದ, ಅಹವಾಲು ಸಭೆ ಇಲ್ಲದೆ ಇಸಿ ಕೊಡುವ ವ್ಯವಸ್ಥೆ ಮಾಡಿದ್ದರು. ಆ ಹೊತ್ತಿನ ಇಸಿಗೆ ಸಭೆಯ ದಾಖಲೆ ಸಿಗದಿದ್ದರೆ ಕಾರಣ ಇದಿರಬಹುದು.

ಹಂತ 4: ಸಮ್ಮತಿ ಪತ್ರಗಳು

ಇವು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಇರುತ್ತವೆ. ಮಂಡಳಿಯ ತಾಣ `kspcb.karnataka.gov.in`. ಮಂಡಳಿಯ ಸಂಯುಕ್ತ ಸಮ್ಮತಿ ಆದೇಶಗಳಿಗೆ `AW-` ಎಂದು ಶುರುವಾಗುವ ನಂಬರ್ ಇರುತ್ತದೆ. ಜೊತೆಗೆ `PCB ID` ಅನ್ನುವ ಇನ್ನೊಂದು ಅಂಕೆ ಇರುತ್ತದೆ. ಆದೇಶದ ನಂಬರ್ ನವೀಕರಣದಲ್ಲಿ ಬದಲಾಗುತ್ತದೆ, ಈ ಗುರುತಿನ ಅಂಕೆ ಕಾರ್ಖಾನೆಯದು. ಪತ್ರ ಬರೆಯುವಾಗ ಇದನ್ನೇ ಕೊಡಿ.

ತಾಣದಲ್ಲಿ ಸಿಗದಿದ್ದರೆ ಪ್ರಾದೇಶಿಕ ಕಚೇರಿಗೆ ಹೋಗಿ. ಅಲ್ಲಿ ಪರಿಸರ ಅಧಿಕಾರಿ ಇರುತ್ತಾರೆ. ಒಂದು ಮಾತು ನೆನಪಿಡಿ: ಈ ದಾಖಲೆ ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆ ಬರುವುದಕ್ಕೂ ಎಷ್ಟೋ ಮೊದಲಿನದು. ಜಲ ಕಾಯ್ದೆಯ 25(6)ನೇ ಕಲಂ ಪ್ರಕಾರ ಮಂಡಳಿ ಸಮ್ಮತಿಯ ಷರತ್ತುಗಳ ರಿಜಿಸ್ಟರ್ ಇಡಬೇಕು. ಆ ಕಾರ್ಖಾನೆಯ ನೀರಿನಿಂದ ತೊಂದರೆಗೊಳಗಾದವರು ಅದನ್ನು ಕಚೇರಿ ವೇಳೆಯಲ್ಲಿ ನೋಡಬಹುದು. ವಾಯು ಕಾಯ್ದೆಯ 51ನೇ ಕಲಂ ಕೂಡ ಹೊಗೆಯ ವಿಚಾರದಲ್ಲಿ ಇದನ್ನೇ ಹೇಳುತ್ತದೆ. ಈ ಎರಡು ಕಲಂ ಹೆಸರಿಸಿ ಒಂದು ಪುಟದ ಪತ್ರ ಬರೆದುಕೊಂಡು ಹೋಗಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಅದೇ ದಿನ ಮಾಹಿತಿ ಹಕ್ಕಿನ ಅರ್ಜಿಯನ್ನೂ ಕೊಡುವುದು ಒಳ್ಳೆಯದು. ಶುಲ್ಕ 10 ರೂಪಾಯಿ. `rtionline.karnataka.gov.in` ಮೂಲಕವೂ ಹಾಕಬಹುದು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು. ಉದ್ದ ಬರೆದರೆ ಅದೇ ನೆಪವಾಗುತ್ತದೆ. ಹೀಗೆ ಬರೆಯಿರಿ:

> … ಕೈಗಾರಿಕಾ ಪ್ರದೇಶದ ಪ್ಲಾಟ್ ನಂ. … ರಲ್ಲಿರುವ … ಕಾರ್ಖಾನೆಗೆ (ಹಿಂದಿನ ಹೆಸರು …) ಸಂಬಂಧಿಸಿದಂತೆ:
> 1. ಇದುವರೆಗೆ ನೀಡಿರುವ ಎಲ್ಲ ಸಿಎಫ್‌ಇ, ಸಿಎಫ್‌ಒ ಆದೇಶಗಳು, ತಿದ್ದುಪಡಿ ಮತ್ತು ಅನುಬಂಧಗಳ ಸಮೇತ.
> 2. ಅಪಾಯಕಾರಿ ತ್ಯಾಜ್ಯದ ಅಧಿಕಾರ ಪತ್ರ ಹಾಗೂ ಕಳೆದ 3 ವರ್ಷಗಳ ನಮೂನೆ 4 ವಾರ್ಷಿಕ ವರದಿ.
> 3. ಕಳೆದ 3 ವರ್ಷಗಳ ನಮೂನೆ 5 ಪರಿಸರ ವಿವರ ಪತ್ರ.
> 4. ಕಳೆದ 3 ವರ್ಷಗಳ ತಪಾಸಣಾ ವರದಿ ಮತ್ತು ನೋಟಿಸುಗಳು.
> 5. ಈ ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನಾಂಕ ತಿಳಿಸಿ.

ಅನುಬಂಧ ಅನ್ನುವ ಮಾತನ್ನು ಬಿಡಬೇಡಿ. ಅನುಬಂಧ ಇಲ್ಲದ ಸಮ್ಮತಿ ಪತ್ರ ಬರೀ ಮುಖಪುಟ. ಉತ್ಪನ್ನಗಳ ಪಟ್ಟಿ, ನೀರಿನ ಲೆಕ್ಕ, ಚಿಮಣಿಗಳ ಎತ್ತರ ಎಲ್ಲ ಇರುವುದು ಅಲ್ಲೇ. ನಮೂನೆ 5 ಯಾಕೆ ಬೇಕು ಅಂದರೆ, ಅದು ಕಾರ್ಖಾನೆ ಪ್ರತಿ ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಕೊಡಬೇಕಾದ ಲೆಕ್ಕ. ಹಿಂದಿನ ಹಣಕಾಸು ವರ್ಷದಲ್ಲಿ ಎಷ್ಟು ತಯಾರಿಸಿದೆ, ಎಷ್ಟು ನೀರು ಬಳಸಿದೆ ಎಂದು ಕಂಪನಿ ತಾನೇ ಬರೆದು ಸಹಿ ಹಾಕಿರುತ್ತದೆ.

30 ದಿನದಲ್ಲಿ ಉತ್ತರ ಬರಬೇಕು. ಮಂಡಳಿ ಕಂಪನಿಯ ಅಭಿಪ್ರಾಯ ಕೇಳಿದರೆ 40 ದಿನ ಆಗಬಹುದು. "ವ್ಯಾಪಾರದ ಗುಟ್ಟು, ಕೊಡಲಾಗದು" ಎಂಬ ಉತ್ತರ ಬಂದರೆ ಮೊದಲ ಮೇಲ್ಮನವಿಯಲ್ಲಿ 25(6) ಮತ್ತು 51ನೇ ಕಲಂಗಳನ್ನು ಎತ್ತಿ ಹೇಳಿ. ಕಾಯ್ದೆಯೇ ತೆರೆದಿಟ್ಟ ಷರತ್ತು ಗುಟ್ಟಾಗುವುದು ಹೇಗೆ? ತಯಾರಿಕೆಯ ವಿಧಾನದಂಥ ಭಾಗವಿದ್ದರೆ ಅದನ್ನಷ್ಟೇ ಮರೆಮಾಡಿ ಉಳಿದದ್ದು ಕೊಡಲು ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಂ ಇದೆ.

ಹಂತ 5: ಪಕ್ಕಪಕ್ಕ ಇಟ್ಟು ಓದುವುದು

ಈಗ ನಮ್ಮ ಉದಾಹರಣೆಯ ಕಾರ್ಖಾನೆಗೆ ಬರೋಣ. ಲೆಕ್ಕ ತಿಳಿಯಲೆಂದು ನಾನೇ ಇಟ್ಟ ಅಂಕೆಗಳಿವು. ಒಂದು ಹಾಳೆಯಲ್ಲಿ ಗೆರೆ ಎಳೆದು ಹೀಗೆ ಬರೆದುಕೊಳ್ಳಿ.

| ವಿಷಯ | ಇಸಿ | ಸಿಎಫ್‌ಒ | ನಮೂನೆ 5 |
|---|---|---|---|
| ಉತ್ಪನ್ನಗಳು | 9 | 9 | 11 |
| ಒಟ್ಟು ಉತ್ಪಾದನೆ | ತಿಂಗಳಿಗೆ 30 ಟನ್ | ತಿಂಗಳಿಗೆ 30 ಟನ್ | ವರ್ಷಕ್ಕೆ 402 ಟನ್ |
| ಕೊಳಚೆ ನೀರು | ದಿನಕ್ಕೆ 110 ಕಿಲೋಲೀಟರ್ | 110 | 96 |
| ಬಾಯ್ಲರ್ ಉರುವಲು | ಕೃಷಿ ತ್ಯಾಜ್ಯದ ಬ್ರಿಕೆಟ್ | ಕಲ್ಲಿದ್ದಲು | ಕಲ್ಲಿದ್ದಲು |

ತಿಂಗಳಿಗೆ 30 ಟನ್ ಅಂದರೆ ವರ್ಷಕ್ಕೆ 360. ತಯಾರಾದದ್ದು 402. ಅಂದರೆ 42 ಟನ್ ಹೆಚ್ಚು. ಕಾಗದದಲ್ಲಿ ಒಂದು ಕಡೆ ತಿಂಗಳ ಲೆಕ್ಕ, ಇನ್ನೊಂದು ಕಡೆ ವರ್ಷದ ಲೆಕ್ಕ ಇರುವುದರಿಂದ ಸುಮ್ಮನೆ ಓದಿದರೆ ಇದು ಕಣ್ಣಿಗೆ ಬೀಳುವುದಿಲ್ಲ. ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತನ್ನಿ.

ಕೊಳಚೆ ನೀರಿನ ಸಾಲು ನೋಡಿ. ಉತ್ಪಾದನೆ ಮಿತಿ ಮೀರಿದೆ, ಕೊಳಚೆ ನೀರು ಮಾತ್ರ ಮಿತಿಗಿಂತ ಕಡಿಮೆ. ಇದು ಎರಡು ರೀತಿಯಲ್ಲಿ ಸಾಧ್ಯ. ಕಾರ್ಖಾನೆ ನೀರನ್ನು ಚೆನ್ನಾಗಿ ಮರುಬಳಕೆ ಮಾಡುತ್ತಿರಬಹುದು, ಇಲ್ಲವೇ ಒಂದಷ್ಟು ನೀರು ಮೀಟರಿಗೆ ಸಿಗದೆ ಬೇರೆಲ್ಲೋ ಹೋಗುತ್ತಿರಬಹುದು. ತ್ಯಾಜ್ಯದ ನಮೂನೆ 4 ಇಲ್ಲಿ ಸಾಕ್ಷಿ ಹೇಳುತ್ತದೆ. ನೀರು ಶುದ್ಧೀಕರಿಸಿದಾಗ ಉಳಿಯುವ ಕೆಸರಿಗೆ 35.3 ಎಂಬ ಸಂಖ್ಯೆ ಇದೆ. ಔಷಧ ತಯಾರಿಕೆಯಲ್ಲಿ ಉಳಿದ ಪದಾರ್ಥಕ್ಕೆ 28.1, ಬಳಸಿದ ದ್ರಾವಕಕ್ಕೆ 28.6. ಉತ್ಪಾದನೆ ಏರಿದ ವರ್ಷದಲ್ಲಿ 35.3 ಮತ್ತು 28.1 ಇಳಿದಿದ್ದರೆ ಅದನ್ನು ಪ್ರಶ್ನೆಯಾಗಿ ಎತ್ತಬೇಕು.

ಉರುವಲು ಬದಲಾದದ್ದು ಬೇರೆ ಬಗೆಯ ವ್ಯತ್ಯಾಸ. ಮಂಡಳಿ ಕಲ್ಲಿದ್ದಲಿಗೆ ಒಪ್ಪಿದೆ, ಆದರೆ ಇಸಿಯಲ್ಲಿ ಅದಿಲ್ಲ. ಇದಕ್ಕೆ ಇಸಿ ತಿದ್ದುಪಡಿಯ ಪತ್ರ ಪ್ರತ್ಯೇಕವಾಗಿ ಇರಬಹುದು. ತಪ್ಪು ಎನ್ನುವ ಮೊದಲು ಅದನ್ನು ಪರಿವೇಶ್‌ನಲ್ಲಿ ಹುಡುಕಿ.

ಎರಡು ಹೊಸ ಉತ್ಪನ್ನಗಳ ವಿಚಾರವೂ ಹಾಗೇ. ಮಾಲಿನ್ಯದ ಹೊರೆ ಹೆಚ್ಚದಿದ್ದರೆ ಹೊಸ ಇಸಿ ಇಲ್ಲದೆಯೇ ಉತ್ಪನ್ನ ಬದಲಿಸಲು ನಿಯಮದಲ್ಲಿ ದಾರಿ ಇದೆ. ಆಗ ಮಾಲಿನ್ಯದ ಹೊರೆ ಹೆಚ್ಚುವುದಿಲ್ಲ ಎನ್ನುವ ದೃಢೀಕರಣ ಪತ್ರ ಕಡತದಲ್ಲಿ ಇರಬೇಕು. ಅದರ ಪ್ರತಿ ಕೇಳಿ.

ತಾರೀಖಿನ ಗೊಂದಲ

ಇಸಿಯಲ್ಲಿ "7 ವರ್ಷ" ಅಥವಾ "10 ವರ್ಷ" ಎಂಬ ಅವಧಿ ಕಂಡು, ಇಸಿ ಮುಗಿದುಹೋಗಿದೆ ಎಂದು ಬಹಳ ಜನ ತಿಳಿಯುತ್ತಾರೆ. ಕಾರ್ಖಾನೆಗೆ ಆ ಅವಧಿ ಇರುವುದು ಕಟ್ಟಿ ಉತ್ಪಾದನೆ ಶುರುಮಾಡಲು. ಅಷ್ಟರೊಳಗೆ ಶುರುವಾಗಿದ್ದರೆ ಇಸಿ ಮುಂದೆಯೂ ನಡೆಯುತ್ತದೆ. ಶುರುವಾದ ದಿನವನ್ನು ತಿಳಿಯಲು ಮೊದಲ ಸಿಎಫ್‌ಒ ಬೇಕು. ಅದಕ್ಕೇ ಅರ್ಜಿಯಲ್ಲಿ "ಇದುವರೆಗೆ ನೀಡಿರುವ ಎಲ್ಲ" ಎಂದು ಬರೆದದ್ದು.

ಸಿಎಫ್‌ಒ ಹಾಗಲ್ಲ. ಅದರ ಮೇಲೆ ಮುದ್ರಿಸಿದ ದಿನ ಮುಗಿದರೆ ಮುಗಿಯಿತು, ನವೀಕರಿಸಬೇಕು. ಎಲ್ಲ ಸಿಎಫ್‌ಒಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ನಡುವೆ ಖಾಲಿ ತಿಂಗಳು ಇದೆಯಾ ನೋಡಿ. "ಅರ್ಜಿ ಹಾಕಿದ್ದೆವು" ಎಂದು ಕಾರ್ಖಾನೆ ಹೇಳಿದರೆ ಅರ್ಜಿಯ ತಾರೀಖು ಕೇಳಿ. ಜಲ ಕಾಯ್ದೆಯ 25(7)ರಲ್ಲಿ, ಪೂರ್ಣ ಅರ್ಜಿ ಕೊಟ್ಟು 4 ತಿಂಗಳಲ್ಲಿ ಮಂಡಳಿ ಏನೂ ಹೇಳದಿದ್ದರೆ ಸಮ್ಮತಿ ಸಿಕ್ಕಂತೆ ಎಂಬ ಮಾತಿದೆ. ಹಾಗಾಗಿ ಅರ್ಜಿ ಯಾವಾಗ ಕೊಟ್ಟರು, ಪೂರ್ಣವಾಗಿತ್ತೋ ಇಲ್ಲವೋ ಎನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಇಸಿ ಹೊಸದಾಗಿದ್ದು ಅದನ್ನೇ ಪ್ರಶ್ನಿಸಬೇಕಿದ್ದರೆ ಸಮಯ ತೀರಾ ಕಡಿಮೆ. ಆದೇಶ ತಿಳಿದ ದಿನದಿಂದ 30 ದಿನದೊಳಗೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬೇಕು. ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಅದರ ಮೇಲಿಲ್ಲ. ಕರ್ನಾಟಕಕ್ಕೆ ಚೆನ್ನೈನ ದಕ್ಷಿಣ ಪೀಠ. ಈ ಸಂದರ್ಭದಲ್ಲಿ ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯುತ್ತ ಕೂರಬೇಡಿ, ಪರಿವೇಶ್‌ನ ಪ್ರತಿ ಹಿಡಿದು ಆ ವಾರವೇ ವಕೀಲರನ್ನು ಕಾಣಿ.

ಹಳೆಯ ಇಸಿಯ ಷರತ್ತು ಮೀರಿದ್ದು ಕಂಡರೆ ಬೆಂಗಳೂರಿನಲ್ಲಿರುವ ಸಚಿವಾಲಯದ ಪ್ರಾದೇಶಿಕ ಕಚೇರಿಗೆ ಬರೆಯಿರಿ. ಸಮ್ಮತಿಯ ಷರತ್ತಾದರೆ ಮಂಡಳಿಗೆ. ವಾಸನೆ, ಹೊಗೆ ಎಂದು ಪುಟಗಟ್ಟಲೆ ಬರೆಯುವ ಬದಲು ಹೀಗೆ ಬರೆದು ನೋಡಿ: "ಇಸಿಯ ಇಷ್ಟನೇ ಪುಟದಲ್ಲಿ ವರ್ಷಕ್ಕೆ 360 ಟನ್ ಮಿತಿ ಇದೆ. ಕಂಪನಿಯದೇ ನಮೂನೆ 5ರಲ್ಲಿ 402 ಟನ್ ಎಂದಿದೆ. ಎರಡೂ ಪುಟಗಳನ್ನು ಲಗತ್ತಿಸಿದ್ದೇನೆ. ಈ 42 ಟನ್ನಿಗೆ ಯಾವ ಅನುಮತಿ ಇತ್ತು ಎಂದು ತಿಳಿಸಿ."